ಕಪ್ಪು ಹಲಗೆ ಕಳೆಯದ ಕೊಟೇಷನ್

ಬಾದಾಮಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಶಟರಿನ ಅಂಗಡಿಯೊಂದಿದೆ. ಶಟರ್ ಒಂದೇ, ಬೋರ್ಡು ಎರಡು. ಎಡಗಡೆ ‘ಮಲಪ್ರಭಾ ಪೇಂಟರ್ಸ್, ಪ್ರೊ. ದುರಗಪ್ಪ’, ಬಲಗಡೆ ‘ತಾಜ್ ಪೇಂಟರ್ಸ್, ಪ್ರೊ. ಜಲಾಲುದ್ದೀನ’. ಎರಡಕ್ಕೂ ಸೇರಿ ಒಂದು ಏಣಿ, ಒಂದು ಸ್ಟೋವು, ಒಂದು ಮುರಿದ ಕುರ್ಚಿ. ‘ಪ್ರೊ.’ ಅಂದರೆ ಪ್ರೊಫೆಸರ್ ಎಂದು ತಿಳಿದು ಬಂದ ಪ್ರವಾಸಿಯೊಬ್ಬ ಗುಹೆಗಳ ಇತಿಹಾಸ ಕೇಳಿದಾಗ, ಇಬ್ಬರೂ ಸೇರಿ ಒಂದು ತಾಸು ಹೇಳಿ ಕಳಿಸಿದ್ದರು.

ಈಗ ಆ ಅಂಗಡಿಯಲ್ಲಿ ದುರಗಪ್ಪ ಒಬ್ಬನೇ. ಜಲಾಲುದ್ದೀನ ಇಳಕಲ್ಲಿಗೆ ಹೋಗಿ ಮೂರು ವರ್ಷವಾಯಿತು. ಅಳಿಯ ಅಲ್ಲಿ ಫ್ಲೆಕ್ಸ್ ಅಂಗಡಿ ಹಾಕಿದ್ದ. ಅಕ್ಷರ ಬರೆಯುವ ಮಾವ ಬಂದು ಕೂತರೆ ಶೋಭೆ ಎಂದು ಕರೆದಿದ್ದ. ಜಲಾಲ ಹೋದ. ಹೋಗುವುದು ತಪ್ಪಲ್ಲ. ಹೋಗುತ್ತೇನೆಂದು ಚಹಾದಂಗಡಿಯವನಿಗೆ ಹೇಳಿ, ದುರಗಪ್ಪನಿಗೆ ಹೇಳದೆ ಹೋದದ್ದು ತಪ್ಪು. ಎದುರಿಗೆ ಹೇಳಿದರೆ ಕಣ್ಣಲ್ಲಿ ನೀರು ಬಂದೀತೆಂದು ಹಾಗೆ ಮಾಡಿದನೆಂಬುದು ಊರಿಗೆಲ್ಲ ಗೊತ್ತು, ದುರಗಪ್ಪನಿಗೂ ಗೊತ್ತು. ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ. ‘ಮೊದಲ ಅವ ಫೋನ್ ಮಾಡ್ಲಿ’ ಎಂದು ಈತ. ಇಳಕಲ್ಲಿನಲ್ಲಿ ಅವನೂ ಅದನ್ನೇ ಅನ್ನುತ್ತಾನಂತೆ. ಹೀಗೆ ಎರಡು ಮೊಬೈಲುಗಳು ಪೂರ್ತಿ ಚಾರ್ಜಾಗಿ ಸುಮ್ಮನಿದ್ದವು.

ಗೋಡೆಗಳಿಗೆ ಮಾತ್ರ ಸುಮ್ಮನಿರಲು ಬರುತ್ತಿರಲಿಲ್ಲ. ಹಿಂದೆ ಏಣಿಯ ಮೇಲೆ ಜಲಾಲ, ನೆಲದ ಮೇಲೆ ದುರಗಪ್ಪ. ಮೇಲಿಂದ ಒಂದು ಬ್ರಷ್ ಇಳಿದು ಬರುವುದು, ಕೆಳಗಿಂದ ಒಂದು ಏರಿ ಹೋಗುವುದು, ಎದೆಮಟ್ಟಕ್ಕೆ ಎರಡೂ ಕೂಡುವುದು. ಕೂಡಿದ ಗುರುತು ಯಾವ ಗೋಡೆಯ ಮೇಲೂ ಕಾಣುತ್ತಿರಲಿಲ್ಲ. ಶಿವಯೋಗ ಮಂದಿರದ ದಾರಿಯ ಮನೆಗಳಿಂದ ಹಿಡಿದು ಹುನಗುಂದದ ಅಡತಿ ಅಂಗಡಿಗಳವರೆಗೆ ಹೀಗೇ ಬಣ್ಣ ಹೊಡೆದಿದ್ದರು. ಈಗ ದುರಗಪ್ಪ ತಾನೇ ಏಣಿ ಹತ್ತಿ, ತಾನೇ ಇಳಿದು, ಎದೆಮಟ್ಟಕ್ಕೆ ಬಂದ ಕೂಡಲೇ ಕೈ ನಿಲ್ಲಿಸುತ್ತಾನೆ. ಯಾರೋ ಕೆಳಗಿನಿಂದ ಬರುವವರಿದ್ದಾರೆ ಎಂಬಂತೆ. ಆಮೇಲೆ ನೆನಪಾಗಿ ಮುಂದುವರಿಸುತ್ತಾನೆ. ಅಷ್ಟರಲ್ಲಿ ಅಂಚು ಒಣಗಿ, ಈಚೆಗೆ ಗೋಡೆಗಳಲ್ಲಿ ಒಂದು ಗೆರೆ ಕಾಣತೊಡಗಿತ್ತು.

ಅಂಥ ಹೊತ್ತಿನಲ್ಲಿ ಹೈಸ್ಕೂಲಿನ ಸಿಪಾಯಿ ಹನಮಂತಪ್ಪ ಒಂದು ಲಕೋಟೆ ತಂದು ಸಹಿ ಕೇಳಿದ.

“ಏನೋ ಇದು, ಲಗ್ನಪತ್ರಿಕೀನೋ?”

“ಎಂಟು ಖೋಲಿಗೋಳ ಲಗ್ನ ಐತಿ. ಅರಿಷಿಣ ಹಚ್ಚೋರು ಬೇಕಾಗ್ಯಾರ. ಹೊಸಾ ಪ್ರಿನ್ಸಿಪಾಲ ಮೇಡಮ್ಮಾರು ಭಾಳ ಕಡಕ್ ಅದಾರ, ಪೂರಾ ಓದು.”

ಪ್ರಾಚಾರ್ಯೆ ಪ್ರಿಯದರ್ಶಿನಿ ಅವರ ಕಾಗದ ನಿಜಕ್ಕೂ ಪೂರಾ ಇತ್ತು. ತರಗತಿ ಕೋಣೆಗಳು ಎಂಟು. ಪ್ರತಿಯೊಂದರ ಉದ್ದ ಇಪ್ಪತ್ನಾಲ್ಕು ಅಡಿ, ಅಗಲ ಇಪ್ಪತ್ತು, ಎತ್ತರ ಹನ್ನೊಂದು. ಒಳಗೋಡೆಗಳಿಗೆ ಮಾತ್ರ, ಕೆರೆದು, ಪ್ರೈಮರ್ ಹಚ್ಚಿ, ಎರಡು ಕೈ ಡಿಸ್ಟೆಂಪರ್. ಮೇಲ್ಛಾವಣಿ ಬೇಡ. ಬಾಗಿಲು, ಕಿಟಕಿಗಳ ಅಳತೆ ಕಳೆಯಬೇಕು. ಪ್ರತಿ ಕೋಣೆಗೆ ಹನ್ನೆರಡಕ್ಕೆ ನಾಲ್ಕು ಅಡಿಯ ಒಂದು ಕಪ್ಪು ಹಲಗೆಯಿದ್ದು, ಅದನ್ನೂ ಕಳೆಯಬೇಕು. ಸಾಮಾನು, ಕೂಲಿ ಸೇರಿ ಒಟ್ಟು ಮೊತ್ತವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು. ಕಡಿಮೆ ಮೊತ್ತದವರಿಗೆ ಕೆಲಸ. ತೆರೆದ ಮೇಲೆ ತಿದ್ದಲು ಬರುವುದಿಲ್ಲ.

“ಇನ್ನ ಯಾರಿಗೆ ಕೊಟ್ಟೀರಿ?” ದುರಗಪ್ಪ ಕಾಗದದಿಂದ ಕಣ್ಣು ತೆಗೆಯದೆ ಕೇಳಿದ.

“ಬಾಗಲಕೋಟಿ ಅಶ್ಫಾಕಗ ಒಂದು. ಮತ್ತ…” ಹನಮಂತಪ್ಪ ಬಲಗಡೆಯ ಬೋರ್ಡಿನತ್ತ ಗದ್ದ ಎತ್ತಿದ. “ಹಳೇ ಫೈಲಿನ್ಯಾಗ ತಾಜ್ ಅಂತಿತ್ತು. ಮೇಡಮ್ಮಾರು ವಿಳಾಸ ಕೇಳಿದ್ರು. ನಾನ ಇಳಕಲ್ಲಿಂದು ಬರಸಿ ಪೋಸ್ಟಿಗೆ ಹಾಕೇನಿ.”

ದುರಗಪ್ಪ ಸಹಿ ಮಾಡಬೇಕಾದ ಜಾಗ ಬಿಟ್ಟು ಬೇರೆಲ್ಲೋ ಸಹಿ ಮಾಡಿದ.

ಇಲ್ಲಿ ಒಂದು ಮಾತು ಹೇಳಬೇಕು. ಒಂದು ಶಟರಿಗೆ ಎರಡು ಬೋರ್ಡು ಶೋಕಿಗೆ ಹಾಕಿದ್ದಲ್ಲ. ಶಾಲೆಗಳಿಗೂ ಸಂಘಗಳಿಗೂ ಮೂರು ಕೊಟೇಷನ್ ಬೇಕು; ಅದರಲ್ಲಿ ಎರಡು ಈ ಅಂಗಡಿಯಿಂದಲೇ ಹೋಗುತ್ತಿದ್ದವು. ಹೀಗಾಗಿ ಒಂದು ಸಲ ಮಲಪ್ರಭಾದ ಪಾಳಿ, ಒಂದು ಸಲ ತಾಜಿನ ಪಾಳಿ. ಪಾಳಿ ಇಲ್ಲದವನು ಸ್ವಲ್ಪ ಹೆಚ್ಚಿನ ಮೊತ್ತ ಬರೆದು ‘ಸಪೋರ್ಟ್’ ಕೊಡಬೇಕು. ದರ ಏರಿಸಿದರೆ ಸಂಶಯ ಬರುತ್ತದೆ. ಅದಕ್ಕೆ ಜಲಾಲ ಒಂದು ಉಪಾಯ ಕಂಡುಹಿಡಿದಿದ್ದ: ದರ ಅದೇ ಇಟ್ಟು, ಕಪ್ಪು ಹಲಗೆ ಕಳೆಯಲು ಮರೆಯುವುದು. ಪೇಂಟರ್ ದಡ್ಡ ಎಂದರೆ ಜಗತ್ತಿನಲ್ಲಿ ಯಾರೂ ಸಂಶಯಪಡುವುದಿಲ್ಲ. ಇದು ಕಾನೂನಿಗೆ ಒಪ್ಪುವ ಮಾತಲ್ಲ, ಆದರೆ ಎರಡು ಮನೆಗಳ ಒಲೆಗಳು ಒಪ್ಪಿಕೊಂಡಿದ್ದವು. ಕೆಲಸ ಯಾರ ಹೆಸರಿಗೆ ಬಂದರೂ ಮೇಲೆ ಜಲಾಲ, ಕೆಳಗೆ ದುರಗಪ್ಪ.

ಈ ಶಾಲೆಯ ಹಿಂದಿನ ಕೆಲಸ ಮಲಪ್ರಭಾದ ಹೆಸರಿಗೆ ಆಗಿತ್ತು. ಅಂದರೆ ಈ ಸಲ ಪಾಳಿ ತಾಜಿನದು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಲಗಮವ್ವ ಕೇಳಿದಳು, “ಎಷ್ಟು ಬರಿತೀರಿ?”

“ಹಲಗಿ ಕಳ್ಯಾಕ ಹೋಗೂದಿಲ್ಲ.”

ಲಗಮವ್ವ ರೊಟ್ಟಿ ಮುರಿಯುವುದು ಬಿಟ್ಟು ನೋಡಿದಳು. “ಅವ್ರು ಮಾತ ಬಿಟ್ಟು ಮೂರು ವರ್ಷಾತು. ಇನ್ನ ಪಾಳಿ ಯಾರಿಗೆ ಹಿಡೀತೀರಿ?”

“ಮಾತು ಬಿಟ್ಟೇವಿ. ಪಾಳಿ ಬಿಟ್ಟಿಲ್ಲ.”

“ಖರೆ ಹೇಳ್ರಿ.”

ಖರೆ ಬೇರೆಯೇ ಇತ್ತು. ಕೆಲಸ ತಾಜಿಗೆ ಸಿಕ್ಕರೆ ಜಲಾಲ ಬಾದಾಮಿಗೆ ಬರಲೇಬೇಕು. ಎಂಟು ಕೋಣೆ, ಬೇಸಿಗೆ ಸೂಟಿಯೊಳಗೆ ಮುಗಿಯಬೇಕು, ಒಬ್ಬನಿಂದ ಆಗದು. ಏಣಿ ಇರುವುದು ಈ ಅಂಗಡಿಯಲ್ಲಿ. ಏಣಿ ಕೇಳಲು ಬಂದೇ ಬರುತ್ತಾನೆ. ಬಂದಾಗ ದುರಗಪ್ಪ ಮುಖ ತಿರುಗಿಸಿ, “ಒಯ್ಯೋ” ಎನ್ನುತ್ತಾನೆ. “ಒಬ್ಬನ ಒಯ್ಯಾಕ ಬರ್ತೈತೇನೋ?” ಎಂದು ಅವನು ಕೇಳುತ್ತಾನೆ. ಇನ್ನೊಂದು ತುದಿ ಈತ ಹಿಡಿಯುತ್ತಾನೆ. ಮೂರು ವರ್ಷದಿಂದ ಕೂಡಿಟ್ಟ ಸಿಟ್ಟನ್ನು ದುರಗಪ್ಪ ಇಷ್ಟು ಸಣ್ಣ ಮಾತಿಗೆ ಖರ್ಚು ಮಾಡಲು ತಯಾರಿದ್ದ. ಹೆಂಡತಿಗೆ ಇದನ್ನೆಲ್ಲ ಹೇಳಲಿಲ್ಲ. “ಪಲ್ಯಾ ಹಾಕು” ಎಂದ.

ಮರುದಿನ ಲೆಕ್ಕ ಹಾಕಿದ. ಗೋಡೆಯಿಂದ ಬಾಗಿಲು ಕಳೆದ, ಕಿಟಕಿ ಕಳೆದ, ಹಲಗೆಗೆ ಬಂದಾಗ ಕೈ ನಿಲ್ಲಿಸಿದ. ದರ ಇಬ್ಬರದೂ ಹಳೆಯದೇ, ಅಡಿಗೆ ಹದಿನಾಲ್ಕು ರೂಪಾಯಿ. ಒಟ್ಟು ಒಂದು ಲಕ್ಷ ದಾಟಿತು. ಲಕೋಟೆಗೆ ಅಂಟು ಹಚ್ಚುವಾಗ ಅವನ ಮುಖದಲ್ಲಿ ಕೆಲಸ ಕಳೆದುಕೊಳ್ಳುವವನ ಕಳೆ ಇರಲಿಲ್ಲ.

ತೆರೆಯುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೇಗನೆ ಹೋದ. ಪ್ರಾಚಾರ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ತನ್ನ ಪಕ್ಕದಲ್ಲಿ ಒಬ್ಬರಿಗೆ ಸಾಲುವಷ್ಟು ಜಾಗ ಬಿಟ್ಟ. ಇಳಕಲ್ಲಿನ ಬಸ್ಸು ಬಂದು ಹೋಗುವ ಹೊತ್ತಾಯಿತು. ಆ ಜಾಗದಲ್ಲಿ ಬಂದು ಕೂತವನು ಬಾಗಲಕೋಟೆಯ ಅಶ್ಫಾಕ.

“ಕಾಕಾ, ಆರಾಮ್ರಿ?”

“ಹೂಂ.” ದುರಗಪ್ಪ ಗೇಟಿನ ಕಡೆಯೇ ನೋಡುತ್ತಿದ್ದ.

“ಜಲಾಲ ಚಾಚಾ ಬರಂಗಿಲ್ಲೇನ್ರಿ?”

“ನನಗೇನ್ ಕೇಳ್ತಿ? ನಾ ಏನ್ ಅವನ ಬಸ್ ಟೈಮ್ ಟೇಬಲ್ಲೇನು?”

ಜಲಾಲ ಬರಲಿಲ್ಲ. ಅವನ ಲಕೋಟೆ ಟಪಾಲಿನಲ್ಲಿ ಬಂದಿತ್ತು. ಒಳಗೆ ಕರೆದು ಕೂರಿಸಿ ಪ್ರಿಯದರ್ಶಿನಿ ಮೇಡಂ ಮೊದಲು ಅಶ್ಫಾಕನದು ಒಡೆದರು. ದರ ಹದಿನಾಲ್ಕೂವರೆ, ಎಲ್ಲ ಕಳೆದು ತೊಂಬತ್ತೊಂಬತ್ತು ಸಾವಿರದ ಚಿಲ್ಲರೆ. ದುರಗಪ್ಪನಿಗೆ ಸಮಾಧಾನವಾಯಿತು. ಜಲಾಲ ಹಲಗೆ ಕಳೆದಿದ್ದರೆ ಇದಕ್ಕಿಂತ ಕಡಿಮೆಯೇ ಬರುತ್ತದೆ. ಆಮೇಲೆ ದುರಗಪ್ಪನದು ಒಡೆದರು. ಕೊನೆಗೆ ತಾಜಿನದು.

ಮೇಡಂ ಒಂದು ಕಾಗದ ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲಿನದಕ್ಕೆ ಬಂದರು.

“ದುರಗಪ್ಪನವರ, ನಿಮ್ಮದೂ ಅವರದೂ ಒಂದ ಮೊತ್ತ ಐತಲ್ಲ. ರೂಪಾಯಿಗೆ ರೂಪಾಯಿ. ಇಬ್ರೂ ಕಪ್ಪು ಹಲಗಿ ಕಳದಿಲ್ಲ.”

ದುರಗಪ್ಪ ಕುರ್ಚಿಯ ತುದಿಗೆ ಸರಿದ.

“ಇಬ್ರೂ ಕೂಡಿ ಕುಂತು ಬರದೀರೇನು?”

“ಕೂಡಿ ಕುಂತು ಮೂರು ವರ್ಷ ಆತ್ರಿ ಮೇಡಮ್ಮಾರ.”

ಮೇಡಂ ಎರಡೂ ಕಾಗದಗಳನ್ನು ಒಂದರ ಮೇಲೊಂದು ಇಟ್ಟರು. ಮುಂದೆ ಆ ವಿಷಯ ಕೇಳಲಿಲ್ಲ. “ದರ ನಿಮ್ಮಿಬ್ರದ ಕಡಿಮಿ ಐತಿ. ಹಲಗಿ ಕಳದಿದ್ರ ನಿಮಗ ಬರ್ತಿತ್ತು. ಕಾಗದದಾಗ ಸ್ಪಷ್ಟ ಬರದಿದ್ದೆ. ಈಗ ತಿದ್ದಾಕ ಬರಂಗಿಲ್ಲ.”

“ಬ್ಯಾಡ್ರಿ. ಅದನ್ನೊಂದು ಸ್ವಲ್ಪ ನೋಡ್ಲಿ?”

ಕೊಟ್ಟರು. ಅಳಿಯನ ಅಂಗಡಿಯಲ್ಲಿ ಕಂಪ್ಯೂಟರ್ ಇದ್ದರೂ ಜಲಾಲ ಕೈಯಿಂದಲೇ ಬರೆದಿದ್ದ. ‘ಬಾಗಿಲು ಕಳೆದು, ಕಿಟಕಿ ಕಳೆದು’ ಎಂಬ ಅಕ್ಷರಗಳು ಬಸ್ಸಿನ ಬೋರ್ಡಿನ ಹಾಗೆ ಗುಂಡಗೆ, ತುಂಬಿಕೊಂಡು ಕೂತಿದ್ದವು. ಅಲ್ಲಿಗೆ ನಿಂತು, ಮುಂದೆ ಒಂದು ಸಾಲು ಖಾಲಿ ಬಿಟ್ಟು, ನೇರವಾಗಿ ಮೊತ್ತ. ದುರಗಪ್ಪ ಆ ಖಾಲಿ ಸಾಲನ್ನೇ ಎರಡು ಸಲ ಓದಿದ.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತ. ಅಶ್ಫಾಕ ಕೋಣೆ ನೋಡಲು ಹೋದ. ಮೂರು ವರ್ಷದಿಂದ ಒತ್ತದ ನಂಬರನ್ನು ದುರಗಪ್ಪ ಒತ್ತಿದ. ಮೊದಲ ರಿಂಗಿಗೇ ಆ ಕಡೆ ಎತ್ತಿದರು.

“ಯಾರು?” ಎಂದ ಜಲಾಲ. ಯಾರೆಂದು ಪರದೆಯ ಮೇಲೆ ಬರುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು.

“ಅಶ್ಫಾಕಗ ಆತಲೇ ಕೆಲಸ.”

ಆ ಕಡೆ ಏನೋ ಯಂತ್ರದ ಸದ್ದು. “ಅಶ್ಫಾಕಗ? ನೀ ಹಲಗಿ ಕಳೀಲಿಲ್ಲೇನು?”

“ಪಾಳಿ ನಿಂದಿತ್ತಲೇ. ನಾ ಯಾಕ ಕಳೀಲಿ?”

“ಹುಚ್ಚ ಅದೀ ಏನ್ ದುರಗ್ಯಾ? ಪಾಳಿ ನಂದಂತ ನನಗ ಗೊತ್ತಿಲ್ಲೇನು? ನಾ ಬಿಟ್ಟೆ ನಿನಗ.”

“ಯಾರ ಬಿಡು ಅಂದ್ರು?”

“ಕೆಲಸ ನಿನಗ ಬಂದ್ರ ಎಂಟು ಖೋಲಿ ಒಬ್ಬನ ಹೊಡಿಯಾಕ ಆಗೂದಿಲ್ಲ ನಿನಗ. ಮ್ಯಾಲ ಹತ್ತಿದ್ರ ನಿನಗ ತಲಿ ತಿರಗತೈತಿ. ನನ್ನ ಕರೀತಿ ಅಂತ ಮಾಡಿದ್ದೆ.”

ದುರಗಪ್ಪ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದ. “ನಾನೂ ನೀ ಏಣಿ ಕೇಳಾಕ ಬರ್ತಿ ಅಂತ ಮಾಡಿದ್ದೆ.”

ಒಳಗೆ ಅಶ್ಫಾಕ ಗೋಡೆ ಕುಟ್ಟಿ ನೋಡುವ ಸದ್ದು ಕೇಳುತ್ತಿತ್ತು.

“ಮತ್ತ ಯಾವಾಗ ಬರ್ತಿ?”

“ಬಂದು ಏನ್ ಮಾಡ್ಲಿ? ಕೆಲಸ ಹೋತಲ್ಲ.”

ಇಷ್ಟು ವರ್ಷದಲ್ಲಿ ಅವರಿಬ್ಬರೂ ಕೆಲಸವಿಲ್ಲದೆ ಒಬ್ಬರನ್ನೊಬ್ಬರು ಭೆಟ್ಟಿಯಾದದ್ದೇ ಇರಲಿಲ್ಲ. ರಮಜಾನಿಗೆ ಉಂಡದ್ದೂ ಜಲಾಲನ ಮನೆಯ ಗೋಡೆಗೆ ಬಣ್ಣ ಹೊಡೆದ ದಿನ. ಬರೀ ನೋಡಲಿಕ್ಕೆ ಬಾ ಎನ್ನಲು ಯಾವ ಶಬ್ದ ಬಳಸಬೇಕೋ ಅದು ದುರಗಪ್ಪನ ಬಾಯಲ್ಲಿ ಎಂದೂ ಬಂದದ್ದಿಲ್ಲ. “ಚಹಾ ಕುಡ್ಯಾಕ ಬಾ” ಎಂದರೆ, “ಇಲ್ಲಿ ಚಹಾ ಸಿಗಂಗಿಲ್ಲೇನು?” ಎಂದು ಆ ಮನುಷ್ಯ ಕೇಳಿಯೇ ಕೇಳುತ್ತಾನೆ.

“ಅಲ್ಲಿ ಏನ್ ಸಪ್ಪಳಲೇ ಅದು?” ಎಂದ ಕೊನೆಗೆ.

“ಫ್ಲೆಕ್ಸ್ ಮಷಿನು. ಯಾರದೋ ಮನಿ ವಾಸ್ತುಶಾಂತಿದು ಬರಾಕತ್ತೈತಿ.”

“ಅಕ್ಷರ ಹ್ಯಾಂಗ ಅದಾವು?”

“ಛಲೋ ಇಲ್ಲ.”

“ಹೂಂ.”

ಯಂತ್ರ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓಡಾಡುತ್ತ ಯಾರದೋ ಹೆಸರನ್ನು ಬರೆಯುತ್ತಿತ್ತು. ದುರಗಪ್ಪ ಬೇವಿನ ಬೊಡ್ಡೆಗೆ ಬೆನ್ನು ಕೊಟ್ಟು ಕೂತು ಅದನ್ನು ಕೇಳುತ್ತಿದ್ದ. ಅವನೂ ಫೋನ್ ಇಡಲಿಲ್ಲ, ಇವನೂ ಇಡಲಿಲ್ಲ.