ಮೈಲ್‌ಸಾಮಿ ಒಂದು ಪೀಸ್ ಕೇಳಿದ್ದು

ತಿರುಪ್ಪೂರಿನ ಬನಿಯನ್ ಸಂಘದವರು ಒಂದು ಕಲ್ಯಾಣಮಂಟಪದಲ್ಲಿ ಟೀ ಪಾರ್ಟಿ ಇಟ್ಟುಕೊಂಡಿದ್ದರು. ನಿಂತುಕೊಂಡು ತಿನ್ನುವ ಅಭ್ಯಾಸ ಮೈಲ್‌ಸಾಮಿಗೆ ಇರಲಿಲ್ಲ. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಚಟ್ನಿಯಲ್ಲಿ ಅದ್ದಿದ ಬೋಂಡ. ಅಷ್ಟರಲ್ಲಿ ಎದುರಿನಿಂದ ಒಂದು ಕೈ ಚಾಚಿತು. ಗಾಬರಿಯಲ್ಲಿ ಮೈಲ್‌ಸಾಮಿ ತನ್ನ ಕೈಯನ್ನೂ ಕೊಟ್ಟ, ಕೈಯಲ್ಲಿದ್ದುದನ್ನೂ ಕೊಟ್ಟ. ಕುಲುಕಿದ ಮೇಲೆ ನೋಡಿದರೆ ಎದುರಿನವರ ಬಿಳಿ ಶರ್ಟಿನ ತೋಳಿನ ಮೇಲೆ ಹಸಿರು ಚಟ್ನಿ.

ಅವರು ಮದ್ರಾಸಿನ ಗೋಪಾಲಸಾಮಿ, ಜರ್ಮನಿಯ ಅಂಗಡಿಗಳಿಗೆ ಟೀ ಶರ್ಟ್ ಕೊಳ್ಳುವ ಏಜೆಂಟ್. ಕರ್ಚೀಫಿನಿಂದ ಒರೆಸಿಕೊಳ್ಳುತ್ತಲೇ, "ಪರವಾಗಿಲ್ಲ. ನಾಳೆ ಸಂಜೆಯವರೆಗೆ ಸ್ಟೇಷನ್ ಹತ್ತಿರದ ಲಾಡ್ಜಲ್ಲಿರ್ತೀನಿ, ಬನ್ನಿ" ಎಂದು ತಮಿಳಿನಲ್ಲಿ ಹೇಳಿ ಮುಂದಿನವರ ಕಡೆ ತಿರುಗಿದರು.

ಮೈಲ್‌ಸಾಮಿ ಹೆಸರಿಗೆ ತಕ್ಕಂತೆ ದೊಡ್ಡವರಿಂದ ಒಂದು ಮೈಲು ದೂರ ಇರುವವನು. ಅಪ್ಪ ಕೈಮಗ್ಗ ನೇಯ್ದವರು. ಇವನದು ಎರಡು ನಿಟ್ಟಿಂಗ್ ಮೆಷಿನ್, ಹಿಂದಿನ ಶೆಡ್ಡಿನಲ್ಲಿ ಹೊಲಿಯುವ ಆರು ಹೆಂಗಸರು. ಇಷ್ಟು ವರ್ಷ ಅವನ ಬನಿಯನ್ನನ್ನೆಲ್ಲ ಕಲ್ಕತ್ತೆಯ ಒಬ್ಬನೇ ವ್ಯಾಪಾರಿ ಕೊಳ್ಳುತ್ತಿದ್ದ. ಬರುವ ತಿಂಗಳಿಂದ ಬೇಡ ಎಂದು ಆತ ಹೇಳಿ ಕಳಿಸಿದ್ದ. ಬೇರೆ ಕೆಲಸ ಸಿಗದಿದ್ದರೆ ಶೆಡ್ಡಿಗೆ ಬೀಗ. ಈ ಭಯ ಒಂದು ಕಡೆ, ಲಾಡ್ಜಿನ ಮೆಟ್ಟಿಲಿನ ಭಯ ಇನ್ನೊಂದು ಕಡೆ.

"ಏನುಂಗ, ಹೋಗ್ತೀರೋ ಇಲ್ವೋ?" ಬೆಳಿಗ್ಗೆ ಹೆಂಡತಿ ರುಕ್ಮಣಿ ಶರ್ಟು ತಂದು ಮುಂದಿಟ್ಟಳು.

"ಆ ಮನುಷ್ಯನ ಮೇಲೆ ಚಟ್ನಿ ಒರೆಸಿ ಬಂದಿದೀನಿ. ಒಂದು ವಾರ ಹೋಗ್ಲಿ. ಮರೆತುಬಿಡ್ತಾರೆ."

"ಚಟ್ನೀನ ಮರೆತ್ರೆ ನಿಮ್ಮನ್ನೂ ಮರೆತಾರೆ. ಹೇಗೂ ಕರೆಂಟಿಲ್ಲ, ಮೆಷಿನ್ ನಿಂತಿದೆ, ಇವತ್ತೇ ಹೋಗ್ಬೇಕು. ಆರ್ಡರ್ ಕೇಳ್ಬೇಡಿ, ಅಡ್ವಾನ್ಸ್ ಕೇಳ್ಬೇಡಿ, ನಮ್ಮ ಕಷ್ಟ ಹೇಳ್ಬೇಡಿ. ಒಂದು ಪೀಸ್ ಸ್ಯಾಂಪಲ್ ಕೊಡಿ, ಅದೇ ಮಾದರಿ ಮಾಡಿ ಕಳಿಸ್ತೀನಿ, ನೋಡಿ ಅನ್ನಿ. ಅಷ್ಟೇ. ಎಲ್ಲಿ, ಹೇಳಿ ನೋಡೋಣ?"

ಅವನು ಹೇಳಿದ. ಮತ್ತೆ ಹೇಳಿಸಿದಳು. ಬೀದಿಯುದ್ದಕ್ಕೂ ಅವನು ಆ ಮಾತನ್ನು ತುಂಬಿದ ಕೊಡದಂತೆ ತುಳುಕದ ಹಾಗೆ ಹೊತ್ತುಕೊಂಡು ಹೋದ.

ಲಾಡ್ಜಿನ ರೂಮಿನಲ್ಲಿ ಗೋಪಾಲಸಾಮಿ ಕುರ್ಚಿ ತೋರಿಸಿದರು, ಕಾಫಿ ತರಿಸಿದರು. ಮೈಲ್‌ಸಾಮಿ ತುದಿಯಲ್ಲಿ ಕೂತು ಕಾದ. ಈ ಕಡೆಯ ಮರ್ಯಾದೆ ಹಾಗೆ. ಮನೆಗೆ ಬಂದವನು ತಾನಾಗಿ ವಿಷಯ ಎತ್ತುವುದಿಲ್ಲ, "ಏನು ಬಂದದ್ದು?" ಎಂದು ಯಜಮಾನ ಕೇಳಬೇಕು. ಮದ್ರಾಸಿನವರಿಗೆ ಇದು ಗೊತ್ತಿರಲಿಲ್ಲ. ಬಂದವನು ತಾನೇ ಹೇಳಲಿ ಎಂದು ಅವರೂ ಕಾದರು. ಮಳೆಯ ಮಾತು ಮುಗಿಯಿತು. ನೂಲಿನ ರೇಟು ಏರಿದ ಮಾತು ಮುಗಿಯಿತು. ಕಾಫಿಯೂ ಮುಗಿಯಿತು. ಗೋಪಾಲಸಾಮಿ ಎದ್ದು ಸಂಜೆಯ ರೈಲಿಗೆಂದು ಸೂಟ್‌ಕೇಸಿಗೆ ಬಟ್ಟೆ ತುಂಬತೊಡಗಿದರು. ಒಂದೊಂದು ಶರ್ಟು ಒಳಗೆ ಹೋದಂತೆ ಮೈಲ್‌ಸಾಮಿ ಕುರ್ಚಿಯ ತುದಿಯಿಂದ ಇನ್ನಷ್ಟು ಮುಂದಕ್ಕೆ ಜಾರಿದ. ಕೇಳಿದರೆ ಮರ್ಯಾದೆ ಹೋಗುತ್ತದೆ, ಕೇಳದಿದ್ದರೆ ಶೆಡ್ಡು ಹೋಗುತ್ತದೆ. ಬೆವರಿಗೆ ಬೆನ್ನಿನ ಬನಿಯನ್, ಅವನದೇ ತಯಾರಿಕೆ, ಮೈಗೆ ಅಂಟಿಕೊಂಡಿತು.

ಸೂಟ್‌ಕೇಸಿನ ಒಂದು ಬೀಗ ಟಕ್ ಎಂದಿತು.

"ಸಾರ್, ಒಂದು ಪೀಸ್ ಕೊಡಿ." ಮಾತು ಬಾಯಿಂದ ಹೊರಬಿದ್ದ ರಭಸಕ್ಕೆ ಅವನೇ ಎದ್ದು ನಿಂತ. "ಆರ್ಡರ್ ಬೇಡ. ಅದೇ ಮಾದರಿ ಮಾಡಿ ಬರೋ ವಾರ ಮದ್ರಾಸಿಗೆ ಕಳಿಸ್ತೀನಿ. ನೀವು ನೋಡಿದ್ರೆ ಸಾಕು."

ಗೋಪಾಲಸಾಮಿ ಬೀಗದ ಮೇಲಿನ ಕೈ ತೆಗೆಯಲಿಲ್ಲ. "ಬಣ್ಣ ಹಾಕಿಸಿದೀರಾ ಯಾವತ್ತಾದ್ರೂ?"

"ಇಲ್ಲ ಸಾರ್. ಬಿಳಿ ಒಂದೇ." ಹೇಳಿಯಾದ ಮೇಲೆ ಎಲ್ಲ ಮುಗಿಯಿತು ಅನ್ನಿಸಿತು.

ಅವರು ಬೀಗ ತೆಗೆದು, ಅಡಿಯಿಂದ ಒಂದು ಬಿಳಿ ಟೀ ಶರ್ಟ್ ಎಳೆದರು. "ಹಾಗಾದ್ರೆ ಇದು. ಕುತ್ತಿಗೆ ಹೊಲಿಗೆ ನೋಡ್ಕೊಳ್ಳಿ. ಒಗೆದು ಒಣಗಿಸಿ ಆಮೇಲೆ ಅಳತೆ ತಗೊಳ್ಳಿ. ಜರ್ಮನಿಯವರ ಕಂಪ್ಲೇಂಟೆಲ್ಲ ಬಟ್ಟೆ ಕುಗ್ಗೋದರ ಮೇಲೇ."

ಕುಗ್ಗುವುದರಲ್ಲಿ ಆ ಗಳಿಗೆ ಮೈಲ್‌ಸಾಮಿಯನ್ನು ಮೀರಿಸುವ ಬಟ್ಟೆ ತಿರುಪ್ಪೂರಿನಲ್ಲೇ ಇರಲಿಲ್ಲ. ಎರಡೂ ಕೈ ಚಾಚಿ ತೆಗೆದುಕೊಂಡ. ಈ ಸಲ ಕೈ ತೊಳೆದೇ ಬಂದಿದ್ದ.

ಬಾಗಿಲವರೆಗೆ ಬಂದ ಗೋಪಾಲಸಾಮಿ ಅವನನ್ನೇ ನೋಡಿದರು. "ನಿನ್ನೆ ಅಷ್ಟು ಜನ ಕೈ ಕುಲುಕಿದ್ರು. ಎಲ್ಲರ್ಗೂ ಬನ್ನಿ ಅಂದೆ. ಒಂದು ದಿನದೊಳಗೆ ಬಂದು, ಬೇಕಾದ್ದು ಒಂದನ್ನೇ ಕೇಳಿದವರು ನೀವೊಬ್ರೇ. ಇಷ್ಟು ಚುರುಕಾಗಿ ಬರ್ಬೇಕು ಅಂತ ಹೇಗೆ ತೋಚಿತು?"

ಮೈಲ್‌ಸಾಮಿ ಟೀ ಶರ್ಟನ್ನು ಎದೆಗೆ ಒತ್ತಿಕೊಂಡು, ಸುಳ್ಳು ಹೇಳುವಷ್ಟು ಧೈರ್ಯವೂ ಸಾಲದೆ, ಇದ್ದದ್ದನ್ನೇ ಹೇಳಿದ.

"ಇವತ್ತು ನಮ್ಮ ಬೀದೀಲಿ ಕರೆಂಟಿಲ್ಲ ಸಾರ್."