ಭೂತಪ್ಪನವರ ನೆತ್ತಿಯ ಹೊಳಪು

ಭದ್ರಾವತಿಯ ಸ್ಟುಡಿಯೋದಲ್ಲಿ ಫೋಟೋ ತಿದ್ದುತ್ತಿದ್ದ ಮಧುಶ್ರೀ ಯಾರ ಮಾತಿಗೂ ಬಗ್ಗುವವಳಲ್ಲ.

2004ರಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಭೂತಪ್ಪ, ಫೋಟೋಗೆಂದು ಬೋಳುತಲೆಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಬಂದಿದ್ದರು. ಟವೆಲಿನಿಂದ ಒರೆಸಿದರೂ ಫ್ಲಾಷಿಗೆ ನೆತ್ತಿ ಬೆಳ್ಳಗೆ ಹೊಳೆಯಿತು. ಮಧುಶ್ರೀ ಕಂಪ್ಯೂಟರಿನಲ್ಲಿ ಪಕ್ಕದ ಚರ್ಮವನ್ನೇ ನಕಲು ಮಾಡಿ ಆ ಬಿಳುಪಿನ ಮೇಲೆ ತೆಳುವಾಗಿ ಹರಡಿದಳು; ಚೂರು ಹೊಳಪನ್ನು ಬೇಕೆಂದೇ ಉಳಿಸಿದಳು.

"ಪೂರ್ತಿ ಅಳಿಸಿ ಮೇಡಂ," ಎಂದ ಮಗ ಯೋಗರಾಜ್.

ಅಳಿಸಿ ತೋರಿಸಿದಳು. ತಲೆ ಚಪ್ಪಟೆಯಾಗಿ, ಮಣ್ಣು ಮೆತ್ತಿದಂತೆ ಕಂಡಿತು.

"ಇರ್ಲಿ, ಹೀಗೇ ಪ್ರಿಂಟ್ ಹಾಕಿ."

"ಹಾಕಲ್ಲ. ಬೇಕಿದ್ರೆ ಬೇರೆ ಸ್ಟುಡಿಯೋಗೆ ಹೋಗಿ," ಎಂದವಳೇ ಉಳಿಸಿದ್ದ ಹೊಳಪನ್ನು ಮರಳಿ ತಂದಳು.

ಬೆಂಚಿನಿಂದ ಭೂತಪ್ಪ ಎದ್ದು ಬಂದು ಮಗನ ಹೆಗಲು ಹಿಡಿದರು.

"ಮೂವತ್ತು ವರ್ಷ ಹೆಲ್ಮೆಟ್ ಒಳಗೇ ಬೆಂದ ತಲೆ ಕಣೋ ಇದು. ಈಗಲಾದ್ರೂ ಹೊಳೀಲಿ."