ಕಂತಿನ ರಜೆಗೆ ಹೊದಿಸಿದ ಶಾಲು

ಕೊರೊನಾ ವರ್ಷ ಹರಪನಹಳ್ಳಿಯ ಶಾಲೆಗಳಿಗೆಲ್ಲ ಬೀಗ ಬಿದ್ದು, ಮಕ್ಕಳನ್ನು ಕರೆತರುವ ನನ್ನ ವ್ಯಾನು ಮನೆ ಮುಂದೆ ಧೂಳು ತಿನ್ನುತ್ತಿತ್ತು. ಅದರ ಸಾಲ ತೀರಲು ಇನ್ನೂ ಐದು ವರ್ಷವಿತ್ತು. ಫೈನಾನ್ಸ್ ಕಂಪನಿಯ ಮ್ಯಾನೇಜರ್ ಆರು ತಿಂಗಳು ಕಂತು ಕಟ್ಟುವುದು ಬೇಡ ಎಂದ. ವ್ಯಾನಿನವರೆಲ್ಲ ಸೇರಿ ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿಕೊಂಡೆವು. ಸನ್ಮಾನ ಮಾಡಲು ನಮಗೆ ಇಷ್ಟು ಸಾಕು. ತನ್ನ ಜೇಬಿನಿಂದಲೇ ಕೊಟ್ಟವನಂತೆ ಅವನು ಕೈಮುಗಿದು ನಿಂತಿದ್ದ. ಬಡ್ಡಿಯ ಮಾತನ್ನು ನಾವು ಕೇಳಲಿಲ್ಲ, ಅವನೂ ಎತ್ತಲಿಲ್ಲ.

ಶಾಲೆ ತೆರೆದ ಮೇಲೆ ನೋಡಿದರೆ ಸಾಲ ಮುಗಿಯುವುದು ಆರು ತಿಂಗಳಲ್ಲ, ಪೂರ್ತಿ ಒಂದು ವರ್ಷ ಮುಂದೆ ಹೋಗಿತ್ತು. ಅವನ ಕಚೇರಿಗೇ ಹೋಗಿ ಕೇಳಿದೆ.

"ಕಂತು ನಿಂತಿತ್ತು, ಬಡ್ಡಿ ಎಲ್ಲಿ ನಿಂತಿತ್ರಿ? ಆರು ತಿಂಗಳ ಬಡ್ಡಿ ಅಸಲಿಗೆ ಸೇರೈತಿ, ಈಗ ಅದರ ಮ್ಯಾಲೂ ಬಡ್ಡಿ ಬೀಳತೈತಿ. ಕಂತಿನ ರೊಕ್ಕ ಹೆಚ್ಚು ಮಾಡಿಲ್ಲ. ಅದಕ್ಕ ಬಿಟ್ಟ ಆರು ಕಂತಿನ ಜೊತಿ ಇನ್ನೂ ಆರು ಬಂದಾವು," ಎಂದ, ದಡ್ಡನಿಗೆ ಪಾಠ ಹೇಳುವವನಂತೆ.

ಅವನ ಕುರ್ಚಿಯ ಬೆನ್ನಿಗೆ ನಮ್ಮದೇ ಶಾಲು ಹೊದಿಸಿತ್ತು.

"ಹಂಗಾದ್ರ ಆ ಶಾಲು ಇತ್ಲಾಗ ಕೊಡ್ರಿ ಸಾಹೇಬ್ರ," ಎಂದೆ. "ಸಾಲ ಮುಗಿಯೋಮಟ ವ್ಯಾನ್ ಒರಸಾಕರ ಬರತೈತಿ."